ಲಿಫ್ಟ್ ಕಂಪನಿ ಜೊತೆಗಿನ ಎಸ್ಕಲೇಶನ್ ಕರೆಯನ್ನು ಬರೆದಿಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ ನಾನು ಕೆಲವು ವರ್ಷ ಕಾರ್ಯದರ್ಶಿಯಾಗಿದ್ದೆ. ನೆಲಮಹಡಿ ಬಿಟ್ಟು ಆರು ಮಹಡಿ, ಎರಡು ಲಿಫ್ಟ್. 2024ರ ಮೇ 20ರ ಹೊತ್ತಿಗೆ ಎರಡನೇ ಲಿಫ್ಟ್ ಪದೇ ಪದೇ ನಿಲ್ಲೋಕೆ ಶುರುವಾಯಿತು. ಟೆಕ್ನಿಷಿಯನ್ ಬರುತ್ತಿದ್ದರು, ರೀಸೆಟ್ ಮಾಡುತ್ತಿದ್ದರು, ಹೋಗುತ್ತಿದ್ದರು. ಜೂನ್ 10ರ ಸಂಜೆ ಕರೆಂಟ್ ಹೋದಾಗ ಐದನೇ ಮಹಡಿಯ ಅಜ್ಜಿಯೊಬ್ಬರು 35 ನಿಮಿಷ ಒಳಗೇ ಸಿಕ್ಕಿಕೊಂಡರು. ಅದಾದ ಮೇಲೆ ಕಂಪನಿಯ ಸರ್ವಿಸ್ ಮ್ಯಾನೇಜರ್ ಜೊತೆ ಜೂನ್ 12ರಂದು ಎಸ್ಕಲೇಶನ್ ಕರೆ, ಅಂದರೆ ದೂರನ್ನು ಮೇಲಿನವರ ಹತ್ತಿರ ಒಯ್ಯುವ ಕರೆ, ಆಯಿತು. ಆ ಕರೆಯಲ್ಲಿ ಏನೇನು ಮಾತಾಯಿತು ಅಂತ ನಾವು ಬರೆದಿಟ್ಟೆವು. ಬೇರೆ ಸಂಘಗಳವರು ಅದರ ಬಗ್ಗೆ ಆಗಾಗ ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

## ಮೊದಲ ಪ್ರಶ್ನೆಗಳು

ಕಂಪ್ಲೇಂಟ್ ನಂಬರ್ ಇದೆಯಲ್ಲ, ಮತ್ತೆ ಯಾಕೆ ಬೇರೆ ಬರೆಯಬೇಕು?

ಕಂಪ್ಲೇಂಟ್ ನಂಬರ್ ಹೇಳುವುದು ಒಂದು ಸಲದ ಕಥೆ ಮಾತ್ರ. ಲಿಫ್ಟ್ ನಿಂತಿತು, ಫೋನ್ ಮಾಡಿದಿರಿ, ಯಾರೋ ಬಂದರು, ಓಡಿಸಿದರು, ಆ ನಂಬರ್ ಕ್ಲೋಸ್ ಆಯಿತು. ಮೂರು ದಿನ ಬಿಟ್ಟು ಮತ್ತೆ ನಿಂತರೆ ಅದು ಹೊಸ ನಂಬರ್. ಕಂಪನಿಯ ಲೆಕ್ಕದಲ್ಲಿ ಒಂಬತ್ತು ಕಂಪ್ಲೇಂಟ್ ಬಂದಿವೆ, ಒಂಬತ್ತೂ ಸರಿಯಾಗಿವೆ. ನಮ್ಮ ಲೆಕ್ಕದಲ್ಲಿ ಒಂದೇ ಕಾಯಿಲೆ ಮೂರು ವಾರದಿಂದ ವಾಸಿಯಾಗಿಲ್ಲ.

ಎಸ್ಕಲೇಶನ್ ಕರೆ ಮಾಡುವುದು ಈ ಒಂಬತ್ತನ್ನು ಒಂದೇ ದಾರಕ್ಕೆ ಪೋಣಿಸೋಕೆ. ಆ ಕರೆಯಲ್ಲಿ ಕಂಪನಿ ಒಪ್ಪಿದ ಮಾತುಗಳು ಕಂಪ್ಲೇಂಟ್ ಸಿಸ್ಟಂಗೆ ಹೋಗುವುದಿಲ್ಲ. ಮ್ಯಾನೇಜರ್ ತಲೆಯಲ್ಲಿ ಇರುತ್ತವೆ, ಇಲ್ಲ ಅವರ ಡೈರಿಯಲ್ಲಿ. ಅವರಿಗೆ ಬೇರೆ ಏರಿಯಾಗೆ ವರ್ಗವಾದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ನಮ್ಮ ಕೈಯಲ್ಲೂ ಒಂದು ಬರಹ ಇರಬೇಕು.

ಯಾವಾಗ ಎಸ್ಕಲೇಟ್ ಮಾಡಬೇಕು? ಎರಡು ಸಲ ಕೆಟ್ಟ ತಕ್ಷಣ ಮ್ಯಾನೇಜರ್‌ಗೆ ಫೋನ್ ಮಾಡಬಹುದಾ?

ನಾವು ಮೂರು ಸಂದರ್ಭ ಇಟ್ಟುಕೊಂಡಿದ್ದೆವು. ಒಂದೇ ಲಕ್ಷಣದ ತೊಂದರೆ ಮೂರನೇ ಸಲ ಬಂದಾಗ. ಎಎಂಸಿ, ಅಂದರೆ ವರ್ಷದ ನಿರ್ವಹಣೆಯ ಕರಾರಿನಲ್ಲಿ ಬರೆದ ಸಮಯದೊಳಗೆ ಯಾರೂ ಬರದೇ ಇದ್ದಾಗ. ಮತ್ತೆ, ಒಳಗೆ ಯಾರಾದರೂ ಸಿಕ್ಕಿಕೊಂಡರೆ ಮೊದಲನೇ ಸಲವೇ, ಅವತ್ತೇ.

ಮೂರನೆಯದರಲ್ಲಿ ಕಾಯಬೇಡಿ. ಕರೆಂಟ್ ಹೋದಾಗ ಬ್ಯಾಟರಿ ಮೇಲೆ ಹತ್ತಿರದ ಮಹಡಿಗೆ ಹೋಗಿ ಬಾಗಿಲು ತೆರೆಯುವ ವ್ಯವಸ್ಥೆ ಇರುತ್ತದೆ. ಲಿಫ್ಟ್‌ನವರು ಅದನ್ನು ಎಆರ್‌ಡಿ ಅನ್ನುತ್ತಾರೆ. ಅದು ಒಂದು ಸಲ ಕೈಕೊಟ್ಟಿತು ಅಂದರೆ ಮುಂದಿನ ಸಲ ಕರೆಂಟ್ ಹೋದಾಗಲೂ ಕೈಕೊಡುತ್ತದೆ ಅಂತಲೇ ಇಟ್ಟುಕೊಳ್ಳಬೇಕು.

ಕರೆ ರೆಕಾರ್ಡ್ ಮಾಡಿಟ್ಟರೆ ಸಾಕಲ್ವಾ?

ಸಾಲದು. ಅರ್ಧ ಗಂಟೆಯ ರೆಕಾರ್ಡಿಂಗ್ ಕೂತು ಕೇಳುವವರು ಯಾರು? ಮುಂದಿನ ಕಾರ್ಯದರ್ಶಿಗಂತೂ ಅದು ಯಾವ ಫೋನ್‌ನಲ್ಲಿ ಇದೆ ಅಂತಲೂ ಗೊತ್ತಿರುವುದಿಲ್ಲ. ರೆಕಾರ್ಡ್ ಮಾಡುವುದಾದರೆ ಎದುರಿನವರಿಗೆ ಹೇಳಿಯೇ ಮಾಡಿ. ಹೇಳಿದ ಮೇಲೆ ಮಾತು ಸ್ವಲ್ಪ ಬಿಗಿಯಾಗುತ್ತದೆ, "ನೋಡ್ತೀವಿ ಸಾರ್" ಅನ್ನುವ ಉತ್ತರ ಜಾಸ್ತಿಯಾಗುತ್ತದೆ. ನಾವು ರೆಕಾರ್ಡ್ ಮಾಡಲಿಲ್ಲ. ಇಬ್ಬರು ಕೂತೆವು. ನಾನು ಮಾತಾಡಿದೆ, ಖಜಾಂಚಿ ಬರೆದುಕೊಂಡರು.

ಇನ್ನೊಂದು ವಿಷಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಫೋನ್ ಅಥವಾ ಕಂಪ್ಯೂಟರ್‌ನಲ್ಲಿರುವ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಒಂದು ಪ್ರಮಾಣಪತ್ರ ಕೊಡಬೇಕು. ಅದು ಇಮೇಲ್‌ಗೂ ಅನ್ವಯಿಸುತ್ತದೆ, ರೆಕಾರ್ಡಿಂಗ್‌ಗೂ ಅನ್ವಯಿಸುತ್ತದೆ. ಅದಕ್ಕೇ ಮೂಲ ಇಮೇಲ್ ಅಳಿಸಬೇಡಿ, ಸಂಘದ ಮೇಲ್ ಐಡಿಯಿಂದಲೇ ಕಳಿಸಿ.

## ದೋಷವನ್ನು ಬರೆಯುವುದು

ನಮಗೆ ಟೆಕ್ನಿಕಲ್ ಗೊತ್ತಿಲ್ಲ. ದೋಷ ಏನು ಅಂತ ನಾವು ಹೇಗೆ ಬರೆಯೋದು?

ಗೊತ್ತಿಲ್ಲದೇ ಇರುವುದೇ ಒಂದು ರೀತಿಯಲ್ಲಿ ಒಳ್ಳೆಯದು. ಕಾರಣ ಬರೆಯೋಕೆ ಹೋಗಬೇಡಿ, ಕಣ್ಣಿಗೆ ಕಂಡಿದ್ದು ಬರೆಯಿರಿ. ನಮ್ಮ ವಿಷಯದಲ್ಲಿ ಇದರಿಂದಲೇ ದಾರಿ ಸಿಕ್ಕಿದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೂರು ಸಲ ಬಂದ ಟೆಕ್ನಿಷಿಯನ್ ಮೂರು ಸಲವೂ ಜಾಬ್ ಶೀಟ್‌ನಲ್ಲಿ "ಸೆನ್ಸರ್ ಕ್ಲೀನ್ ಮಾಡಲಾಗಿದೆ, ಲಿಫ್ಟ್ ಓಡುತ್ತಿದೆ" ಅಂತ ಬರೆದಿದ್ದರು. ನಾವೂ "ಸೆನ್ಸರ್ ಪ್ರಾಬ್ಲಂ" ಅಂತಲೇ ಹೇಳುತ್ತಾ ಬಂದಿದ್ದೆವು. ಕರೆಗೆ ಮುಂಚೆ ಖಜಾಂಚಿ ಸೆಕ್ಯುರಿಟಿಯವರ ಪುಸ್ತಕ ತೆಗೆದು ಒಂದೊಂದೇ ಸಲದ್ದನ್ನು ಬರೆದರು. ದಿನ, ಗಂಟೆ, ಯಾವ ಮಹಡಿ, ಏನು ಕಂಡಿತು, ಇಷ್ಟೇ. ಮೇ 20ರಿಂದ ಜೂನ್ 11ರವರೆಗೆ ಒಂಬತ್ತು ಸಲ. ಅದರಲ್ಲಿ ಎಂಟು ಸಲ ಮೂರನೇ ಮಹಡಿಯಲ್ಲೇ ನಿಂತಿತ್ತು! ಬಾಗಿಲು ಮುಚ್ಚುತ್ತದೆ, ಲಿಫ್ಟ್ ಹೊರಡುವುದಿಲ್ಲ, ಮತ್ತೆ ತೆರೆಯುತ್ತದೆ. ಹೀಗೆ ಮೂರು ನಾಲ್ಕು ಸಲ ಆಗಿ ನಿಂತುಬಿಡುತ್ತದೆ.

ಯೋಚನೆ ಮಾಡಿ. ಅವರು ಹೇಳುತ್ತಿದ್ದ ಸೆನ್ಸರ್ ಇರುವುದು ಕ್ಯಾಬಿನ್ ಬಾಗಿಲಿನ ಅಂಚಿನಲ್ಲಿ. ಅದು ಕ್ಯಾಬಿನ್ ಜೊತೆ ಎಲ್ಲ ಮಹಡಿಗೂ ಹೋಗುತ್ತದೆ. ಅದು ಕೆಟ್ಟಿದ್ದರೆ ಎಲ್ಲ ಮಹಡಿಯಲ್ಲೂ ತೊಂದರೆ ಕೊಡಬೇಕಿತ್ತು. ಒಂದೇ ಮಹಡಿಯಲ್ಲಿ ನಿಲ್ಲುತ್ತಿದೆ ಅಂದರೆ ದೋಷ ಆ ಮಹಡಿಗೇ ಸೇರಿದ್ದು, ಅಂದರೆ ಅಲ್ಲಿನ ಹೊರಬಾಗಿಲಿನದು. ಪ್ರತಿ ಮಹಡಿಯ ಹೊರಬಾಗಿಲಿಗೂ ಒಂದು ಲಾಕ್ ಇರುತ್ತದೆ, ಅದರಲ್ಲಿ ಒಂದು ಚಿಕ್ಕ ಕಾಂಟ್ಯಾಕ್ಟ್. ಬಾಗಿಲು ಪೂರ್ತಿ ಮುಚ್ಚಿ ಲಾಕ್ ಕೂತಾಗ ಮಾತ್ರ ಆ ಕಾಂಟ್ಯಾಕ್ಟ್ ಸೇರುತ್ತದೆ. ಎಲ್ಲ ಮಹಡಿಯ ಕಾಂಟ್ಯಾಕ್ಟ್‌ಗಳೂ ಸೇರದೆ ಲಿಫ್ಟ್ ಹೊರಡಬಾರದು ಅನ್ನುವುದೇ ಅದರ ಸುರಕ್ಷತೆ.

ಇದನ್ನೆಲ್ಲ ನಾವು ಕರೆಯಲ್ಲಿ ವಾದ ಮಾಡಲಿಲ್ಲ. "ಒಂಬತ್ತರಲ್ಲಿ ಎಂಟು ಸಲ ಮೂರನೇ ಮಹಡಿ" ಅಂತ ಓದಿದೆವು ಅಷ್ಟೇ. ಆ ಕಡೆ ಎರಡು ಕ್ಷಣ ಸದ್ದಿಲ್ಲ. ಆಮೇಲೆ ಮ್ಯಾನೇಜರ್ ಅವರೇ, "ಹಾಗಾದ್ರೆ ಸೆನ್ಸರ್ ಅಲ್ಲ ಸಾರ್, ಲ್ಯಾಂಡಿಂಗ್ ಡೋರ್ ನೋಡಬೇಕು" ಅಂದರು.

ಎರಡು ಮೂರು ತೊಂದರೆ ಒಟ್ಟಿಗೆ ಇದ್ದರೆ ಒಂದೇ ದೋಷ ಅಂತ ಬರೆಯಬಹುದಾ?

ಬೇಡ. ನಮ್ಮಲ್ಲಿ ಒಂಬತ್ತನೇ ಘಟನೆ, ಅಂದರೆ ಅಜ್ಜಿ ಸಿಕ್ಕಿಕೊಂಡಿದ್ದು, ಬೇರೆಯದೇ ದೋಷ. ಅದು ಒಂದನೇ ಮತ್ತು ಎರಡನೇ ಮಹಡಿಯ ಮಧ್ಯೆ, ಕರೆಂಟ್ ಹೋದಾಗ ಆಗಿದ್ದು. ಎಲ್ಲವನ್ನೂ "ಲಿಫ್ಟ್ ಪದೇ ಪದೇ ನಿಲ್ಲುತ್ತಿದೆ" ಅಂತ ಒಂದೇ ಸಾಲಿನಲ್ಲಿ ಬರೆದಿದ್ದರೆ, ಬಾಗಿಲು ರಿಪೇರಿ ಮಾಡಿ "ಸರಿಯಾಯ್ತು" ಅಂತ ಮುಗಿಸಿಬಿಡುತ್ತಿದ್ದರು. ಎಆರ್‌ಡಿ ಬ್ಯಾಟರಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ನಾವು ದೋಷ 1, ದೋಷ 2 ಅಂತ ಬೇರೆ ಮಾಡಿದೆವು. ಎರಡಕ್ಕೂ ಬೇರೆ ತಾರೀಖು, ಬೇರೆ ಜವಾಬ್ದಾರಿ.

## ಮಾತು ಮತ್ತು ತಾರೀಖು

"ಒಂದು ವಾರದಲ್ಲಿ ಮಾಡ್ಸಿಕೊಡ್ತೀವಿ" ಅಂದರು. ಅದನ್ನೇ ಬರೆದುಕೊಂಡರೆ ಸಾಕಾ?

"ಒಂದು ವಾರ" ಯಾವತ್ತಿನಿಂದ ಅಂತ ಕೇಳಿ. ಇವತ್ತಿನಿಂದಲಾ? ಕೊಟೇಶನ್ ಕಳಿಸಿದ ದಿನದಿಂದಲಾ? ನಾವು ಒಪ್ಪಿಗೆ ಕೊಟ್ಟ ಮೇಲಾ? ದುಡ್ಡು ಹಾಕಿದ ಮೇಲಾ? ಕಂಪನಿಯವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಕೊನೆಯದು ಇರುತ್ತದೆ, ನಮ್ಮ ಮನಸ್ಸಿನಲ್ಲಿ ಮೊದಲನೆಯದು. ಇಬ್ಬರೂ ಪ್ರಾಮಾಣಿಕರೇ, ಆದರೂ ಹತ್ತು ದಿನದ ವ್ಯತ್ಯಾಸ ಬಂದುಬಿಡುತ್ತದೆ.

"ವರ್ಕಿಂಗ್ ಡೇ" ಅನ್ನುವ ಮಾತೂ ಹೀಗೇ. ನಮ್ಮ ಕರಾರಿನಲ್ಲಿ ಬ್ಯಾಟರಿ ಸೇರಿರಲಿಲ್ಲ, ಅದಕ್ಕೆ ಬೇರೆ ದುಡ್ಡು. ಮ್ಯಾನೇಜರ್ ಹೇಳಿದ್ದು, "ನೀವು ಒಪ್ಪಿಗೆ ಕೊಟ್ಟ ಮೂರು ವರ್ಕಿಂಗ್ ಡೇಸ್‌ನಲ್ಲಿ ಹಾಕ್ತೀವಿ" ಅಂತ. ನಾವು ಶುಕ್ರವಾರ, ಜೂನ್ 14ಕ್ಕೆ ಒಪ್ಪಿಗೆ ಕೊಡುವುದು ಅಂತಾಯಿತು. ನಮ್ಮ ಲೆಕ್ಕ: ಶನಿವಾರ 15, ಸೋಮವಾರ 17, ಮಂಗಳವಾರ 18. ಅವರ ಆಫೀಸಿಗೆ ಶನಿವಾರ ರಜೆ, ಸೋಮವಾರ 17 ಬಕ್ರೀದ್. ಅವರ ಲೆಕ್ಕ ಶುರುವಾಗುವುದೇ 18ಕ್ಕೆ, ಮುಗಿಯುವುದು 20ಕ್ಕೆ. ಕರೆಯಲ್ಲೇ ಕ್ಯಾಲೆಂಡರ್ ತೆಗೆದು ನೋಡಿದ್ದರಿಂದ ಇದು ಗೊತ್ತಾಯಿತು. ಕೊನೆಗೆ "ಜೂನ್ 19, ಬುಧವಾರ, ಸಂಜೆ 5 ಗಂಟೆಯೊಳಗೆ" ಅಂತ ಒಪ್ಪಿದರು. ದಾಖಲೆಯಲ್ಲಿ ದಿನಗಳ ಎಣಿಕೆ ಬರೆಯಲಿಲ್ಲ, ತಾರೀಖು, ವಾರ, ಗಂಟೆ ಬರೆದೆವು. ವಾರದ ಹೆಸರು ಹಾಕುವುದರಿಂದ ತಾರೀಖು ತಪ್ಪಾಗಿ ಬರೆದಿದ್ದರೂ ಕಣ್ಣಿಗೆ ಬೀಳುತ್ತದೆ.

ಟೆಕ್ನಿಷಿಯನ್ ಬಂದು ಹೋದರು. ಕಂಪನಿ ಮಾತು ಉಳಿಸಿಕೊಂಡ ಹಾಗೆ ಅಲ್ವಾ?

ಏನು ಮಾತು ಕೊಟ್ಟಿದ್ದರು ಅನ್ನುವುದರ ಮೇಲೆ ಹೋಗುತ್ತದೆ. ಬರುವುದು, ಓಡಿಸುವುದು, ಮತ್ತೆ ಕೆಡದ ಹಾಗೆ ಮಾಡುವುದು ಮೂರೂ ಬೇರೆ ಬೇರೆ. ಎಎಂಸಿಯಲ್ಲಿ ಸಾಮಾನ್ಯವಾಗಿ ಬರೆದಿರುವುದು ಮೊದಲನೆಯದು ಮಾತ್ರ. ನಮ್ಮದರಲ್ಲೂ ಹಾಗೇ ಇತ್ತು: ಯಾರಾದರೂ ಸಿಕ್ಕಿಕೊಂಡರೆ 45 ನಿಮಿಷ, ಉಳಿದದ್ದಕ್ಕೆ 4 ಗಂಟೆ. ಅಷ್ಟರೊಳಗೆ ಬಂದು ನಿಂತರೆ ಕರಾರಿನ ಪ್ರಕಾರ ಅವರು ಸರಿ.

ಅದಕ್ಕೇ ಪ್ರತಿ ಮಾತಿನ ಕೊನೆಯಲ್ಲಿ "ಆಗಿದೆ ಅಂತ ಗೊತ್ತಾಗೋದು ಹೇಗೆ?" ಅಂತ ಕೇಳಬೇಕು. ದೋಷ 1ಕ್ಕೆ ನಾವು ಒಪ್ಪಿಕೊಂಡಿದ್ದು ಇದು: ಹೊಸ ಕಾಂಟ್ಯಾಕ್ಟ್ ಹಾಕಿ, ಮೂರನೇ ಮಹಡಿಯಲ್ಲಿ ನಮ್ಮೆದುರಿಗೆ ಬಾಗಿಲು 20 ಸಲ ತೆರೆದು ಮುಚ್ಚಿ ಲಿಫ್ಟ್ ಹೊರಡಬೇಕು, ಆಮೇಲೆ 15 ದಿನ ಆ ಮಹಡಿಯಲ್ಲಿ ಒಂದು ಸಲವೂ ನಿಲ್ಲಬಾರದು. ದೋಷ 2ಕ್ಕೆ: ಖಾಲಿ ಕ್ಯಾಬಿನ್ ಎರಡು ಮಹಡಿಯ ಮಧ್ಯೆ ಇರುವಾಗ ಟೆಕ್ನಿಷಿಯನ್ ಮೇನ್ ಆಫ್ ಮಾಡಬೇಕು, ಲಿಫ್ಟ್ ತಾನಾಗಿ ಹತ್ತಿರದ ಮಹಡಿಗೆ ಹೋಗಿ ಬಾಗಿಲು ತೆರೆಯಬೇಕು. ಈ ಪರೀಕ್ಷೆಯನ್ನು ಅವರೇ ಮಾಡಬೇಕು. ಸೆಕ್ಯುರಿಟಿಯವರ ಕೈಲಿ ಮಾಡಿಸಬೇಡಿ.

ಬ್ಯಾಟರಿ ಚೆನ್ನಾಗಿದೆ, ವೋಲ್ಟೇಜ್ ಸರಿ ಬರುತ್ತಿದೆ ಅಂದರೆ ಏನು ಬರೆದುಕೊಳ್ಳಬೇಕು?

ಲೋಡ್ ಮೇಲೆ ಅಳೆದದ್ದಾ, ಸುಮ್ನೆ ಅಳೆದದ್ದಾ ಅಂತ ಕೇಳಿ ಬರೆದುಕೊಳ್ಳಿ. ನಮ್ಮ ಎಆರ್‌ಡಿಯಲ್ಲಿ 12 ವೋಲ್ಟ್‌ನ ನಾಲ್ಕು ಬ್ಯಾಟರಿ ಇದ್ದವು. ಹಳೆಯ ಬ್ಯಾಟರಿ ಸುಮ್ನೆ ಅಳೆದಾಗ 12ಕ್ಕಿಂತ ಜಾಸ್ತಿಯೇ ತೋರಿಸುತ್ತದೆ. ಮೋಟರ್ ಎಳೆಯೋಕೆ ಶುರು ಮಾಡಿದ ತಕ್ಷಣ ಕುಸಿಯುತ್ತದೆ. ನಮ್ಮ ನಾಲ್ಕರಲ್ಲಿ ಎರಡು ಹೀಗೇ ಆಗಿದ್ದವು. ಹಳೆಯದರ ಜೊತೆ ಹೊಸದನ್ನು ಸೇರಿಸಿದರೆ ಹೊಸದೂ ಬೇಗ ಹಾಳಾಗುತ್ತದೆ, ಹಾಗಾಗಿ ನಾಲ್ಕನ್ನೂ ಬದಲಿಸುವುದು ಅಂತ ಬರೆಸಿದೆವು. ಬ್ಯಾಟರಿ ಹಾಕಿದ ತಾರೀಖನ್ನು ಅದರ ಮೇಲೆ ಮಾರ್ಕರ್‌ನಲ್ಲಿ ಬರೆಯಬೇಕು ಅನ್ನುವುದನ್ನೂ ಸೇರಿಸಿದೆವು.

ನಮ್ಮ ಕಡೆಯಿಂದ ಆಗಬೇಕಾದ ಕೆಲಸವನ್ನೂ ಬರೆಯಬೇಕಾ? ಅದು ಅವರಿಗೆ ಅನುಕೂಲ ಅಲ್ವಾ?

ಬರೆಯಲೇಬೇಕು. ನಾವು ತಡ ಮಾಡಿದರೆ ಅವರ ತಾರೀಖೂ ಜಾರುತ್ತದೆ, ಅದು ನ್ಯಾಯವೇ. ನಮ್ಮ ಪಾಲಿಗೆ ಮೂರು ಇದ್ದವು. 14ಕ್ಕೆ ಬ್ಯಾಟರಿ ಕೊಟೇಶನ್‌ಗೆ ಒಪ್ಪಿಗೆ. 13ರ ಬೆಳಗ್ಗೆ ಮೆಷಿನ್ ರೂಂ ಕೀ. ಮತ್ತೆ, ಮೂರನೇ ಮಹಡಿಯ ಒಂದು ಮನೆಯಲ್ಲಿ ಟೈಲ್ಸ್ ಕೆಲಸ ನಡೆಯುತ್ತಿತ್ತು, ಅವರು ಮರಳು, ಸಿಮೆಂಟ್ ಮೂಟೆಯನ್ನು ಆ ಲಿಫ್ಟ್‌ನಲ್ಲಿ ಸಾಗಿಸದ ಹಾಗೆ ನೋಡಿಕೊಳ್ಳುವುದು. ಈ ಮೂರನೆಯದನ್ನು ಕೇಳಿದ್ದು ಮ್ಯಾನೇಜರ್. ಆಗ ನಮಗೆ ಸ್ವಲ್ಪ ಸಿಟ್ಟು ಬಂತು, ತಪ್ಪನ್ನು ನಮ್ಮ ಮೇಲೆ ಹಾಕುತ್ತಿದ್ದಾರೆ ಅಂತ. ಮಾರನೇ ದಿನ ಬಾಗಿಲಿನ ಕೆಳಗಿನ ಕಾಲುವೆಯಿಂದ ಸೀನಿಯರ್ ಟೆಕ್ನಿಷಿಯನ್ ಒಂದು ಹಿಡಿ ಮರಳು, ಟೈಲ್ಸ್ ಚೂರು ತೆಗೆದು ಪೇಪರ್ ಮೇಲೆ ಹಾಕಿ ತೋರಿಸಿದರು. ಬಾಗಿಲು ಕೊನೆಯ ಅರ್ಧ ಬೆರಳಿನಷ್ಟು ಮುಚ್ಚುತ್ತಲೇ ಇರಲಿಲ್ಲ. ಲಾಕ್ ಸರಿಯಾಗಿ ಕೂರದೆ ಕಾಂಟ್ಯಾಕ್ಟ್ ಕರಕಲಾಗಿತ್ತು. ಮ್ಯಾನೇಜರ್ ಹೇಳಿದ್ದು ಸರಿಯಾಗಿತ್ತು.

## ಕರೆ ಮುಗಿದ ಮೇಲೆ

ನೀವು ಬರೆದಿದ್ದನ್ನು ಹಾಗೇ ತೋರಿಸಬಹುದಾ?

ಹೆಸರುಗಳನ್ನು ತೆಗೆದು ಕೊಡುತ್ತಿದ್ದೇನೆ. ಒಂದೇ ಪುಟ ಇತ್ತು.

> ಕರೆ: 12-06-2024, ಬುಧವಾರ, ಮಧ್ಯಾಹ್ನ 3:10ರಿಂದ 3:45. ಕಂಪನಿಯಿಂದ ಸರ್ವಿಸ್ ಮ್ಯಾನೇಜರ್, ಏರಿಯಾ ಸೂಪರ್‌ವೈಸರ್. ಸಂಘದಿಂದ ಕಾರ್ಯದರ್ಶಿ, ಖಜಾಂಚಿ.
>
> ದೋಷ 1: ಲಿಫ್ಟ್ 2, ಮೂರನೇ ಮಹಡಿಯಲ್ಲಿ ಬಾಗಿಲು ಮುಚ್ಚಿದರೂ ಹೊರಡುವುದಿಲ್ಲ. ಮೇ 20ರಿಂದ 8 ಸಲ. ಪಟ್ಟಿ ಲಗತ್ತಿಸಿದೆ.
>
> ಕಂಪನಿ ಒಪ್ಪಿದ್ದು: 13-06, ಗುರುವಾರ, ಬೆಳಗ್ಗೆ 11ರೊಳಗೆ ಸೀನಿಯರ್ ಟೆಕ್ನಿಷಿಯನ್ ಬಂದು ಮೂರನೇ ಮಹಡಿಯ ಲಾಕ್, ಕಾಂಟ್ಯಾಕ್ಟ್ ಪರೀಕ್ಷಿಸುವುದು, ಬೇಕಿದ್ದರೆ ಅವತ್ತೇ ಬದಲಿಸುವುದು. ಕಂಟ್ರೋಲರ್‌ನ ಎರರ್ ಲಾಗ್ ಫೋಟೋ ಕೊಡುವುದು. ಖರ್ಚು ಎಎಂಸಿಯಲ್ಲಿ ಸೇರಿದೆ. ಜವಾಬ್ದಾರಿ: ಏರಿಯಾ ಸೂಪರ್‌ವೈಸರ್.
>
> ದೋಷ 2: 10-06ರಂದು ಕರೆಂಟ್ ಹೋದಾಗ ಎಆರ್‌ಡಿ ಕೆಲಸ ಮಾಡಲಿಲ್ಲ. ಒಬ್ಬರು 35 ನಿಮಿಷ ಒಳಗಿದ್ದರು.
>
> ಕಂಪನಿ ಒಪ್ಪಿದ್ದು: 13-06ರ ಸಂಜೆಯೊಳಗೆ ಕೊಟೇಶನ್. ಸಂಘ 14-06ರೊಳಗೆ ಒಪ್ಪಿದರೆ 19-06, ಬುಧವಾರ, ಸಂಜೆ 5ರೊಳಗೆ ನಾಲ್ಕೂ ಬ್ಯಾಟರಿ ಬದಲಾವಣೆ ಮತ್ತು ಪರೀಕ್ಷೆ. ಹಣ ಪರೀಕ್ಷೆಯ ನಂತರ. ಜವಾಬ್ದಾರಿ: ಸರ್ವಿಸ್ ಮ್ಯಾನೇಜರ್.
>
> ಒಪ್ಪಿಗೆ ಆಗದ ವಿಷಯ: ಎಎಂಸಿ ಅವಧಿ ವಿಸ್ತರಣೆ. ಕಂಪನಿ 21-06ಕ್ಕೆ ಉತ್ತರ ಹೇಳುತ್ತದೆ.

ಇದರ ಕೆಳಗೆ ನಮ್ಮ ಮೂರು ಕೆಲಸ, ಮುಂದಿನ ಕರೆಯ ದಿನ ಇತ್ತು. "ಒಪ್ಪಿಗೆ ಆಗದ ವಿಷಯ" ಅನ್ನುವ ಸಾಲನ್ನು ಬಿಡಬೇಡಿ. ಅದು ಇದ್ದರೆ ಉಳಿದದ್ದನ್ನು ನಿಜವಾಗಿ ಒಪ್ಪಿದ್ದಾರೆ ಅನ್ನುವುದಕ್ಕೆ ಬೆಲೆ ಬರುತ್ತದೆ.

ಯಾವಾಗ ಕಳಿಸಬೇಕು? ಅವರು ಉತ್ತರವೇ ಕೊಡದಿದ್ದರೆ?

ಅವತ್ತೇ ಕಳಿಸಿ, ಆದರೆ ಇಮೇಲ್‌ನಲ್ಲಿ. ನಾವು 4:30ಕ್ಕೆ ಕಳಿಸಿದೆವು. ವಾಟ್ಸಾಪ್‌ನಲ್ಲಿ "ಮೇಲ್ ನೋಡಿ ಸಾರ್" ಅಂತ ಒಂದು ಸಾಲು ಹಾಕಿದೆವು ಅಷ್ಟೇ. ಕೊನೆಯಲ್ಲಿ ಹೀಗಿತ್ತು: "ಇದರಲ್ಲಿ ಏನಾದರೂ ತಪ್ಪಿದ್ದರೆ ನಾಳೆ ಬೆಳಗ್ಗೆ 10ರೊಳಗೆ ತಿಳಿಸಿ. ಇಲ್ಲದಿದ್ದರೆ ಇದನ್ನೇ ಒಪ್ಪಿದ ಮಾತು ಅಂತ ಇಟ್ಟುಕೊಂಡು ಮುಂದುವರಿಯುತ್ತೇವೆ."

ಸುಮ್ಮನಿದ್ದ ಮಾತ್ರಕ್ಕೆ ಕಾನೂನಿನಲ್ಲಿ ಪೂರ್ತಿ ಒಪ್ಪಿಗೆ ಆಗಿಬಿಡುವುದಿಲ್ಲ. ಆದರೆ ಆ ಮೇಲ್ ನೋಡಿಕೊಂಡು 13ಕ್ಕೆ ಟೆಕ್ನಿಷಿಯನ್ ಬಂದರೆ, ಕೊಟೇಶನ್ ಬಂದರೆ, ಅವರು ಅದರಂತೆ ನಡೆದಿದ್ದೇ ಉತ್ತರ. ನಮಗೆ ಉತ್ತರವೂ ಬಂತು, ಒಂದು ತಿದ್ದುಪಡಿಯ ಜೊತೆ: ಎರರ್ ಲಾಗ್‌ನಲ್ಲಿ ಹಳೆಯದು ಅಳಿಸಿಹೋಗಿರಬಹುದು, ಇದ್ದಷ್ಟು ಕೊಡುತ್ತೇವೆ ಅಂತ. ಅದನ್ನು ಸೇರಿಸಿದೆವು.

## ಮಾತು ತಪ್ಪಿದಾಗ

ತಾರೀಖು ದಾಟಿತು. ದಾಖಲೆಯಲ್ಲಿ ಹೊಸ ತಾರೀಖು ಹಾಕೋದಾ?

ಹಳೆಯದನ್ನು ಅಳಿಸಬೇಡಿ. ನಮ್ಮಲ್ಲಿ ಬಾಗಿಲಿನ ಕೆಲಸ 13ಕ್ಕೇ ಮುಗಿಯಿತು. ಬ್ಯಾಟರಿ 19ಕ್ಕೆ ಬರಲಿಲ್ಲ. ಅವತ್ತು ಸಂಜೆ 5:15ಕ್ಕೆ ಅದೇ ಮೇಲ್‌ಗೆ ಉತ್ತರವಾಗಿ ಬರೆದೆವು: "19-06ಕ್ಕೆ ಆಗಲಿಲ್ಲ. ಕಾರಣ ಮತ್ತು ಹೊಸ ದಿನ ತಿಳಿಸಿ. ಅಲ್ಲಿಯವರೆಗೆ ಲಿಫ್ಟ್ 2 ನಿಲ್ಲಿಸಿದ್ದೇವೆ." ಸ್ಟಾಕ್ ಬಂದಿಲ್ಲ, 21ಕ್ಕೆ ಹಾಕುತ್ತೇವೆ ಅಂದರು. ದಾಖಲೆಯಲ್ಲಿ 19ರ ಪಕ್ಕದಲ್ಲೇ 21 ಬಂತು, ಅದರ ಪಕ್ಕ ಕಾರಣ.

ಬ್ಯಾಟರಿ 21ಕ್ಕೆ ಬಂತು, ಪರೀಕ್ಷೆ ನಮ್ಮೆದುರಿಗೇ ಆಯಿತು. ಅವತ್ತೇ ಎಎಂಸಿ ವಿಸ್ತರಣೆಯ ಮಾತು ಬಂದಾಗ ನಾವು ಹೆಚ್ಚು ಮಾತಾಡಬೇಕಾಗಲಿಲ್ಲ. ಕರಾರಿನಲ್ಲಿ ದಂಡದ ಷರತ್ತು ಇರಲಿಲ್ಲ, ಆದರೂ ಹತ್ತು ದಿನ ವಿಸ್ತರಿಸಿ ಕೊಟ್ಟರು.

ಇಷ್ಟೆಲ್ಲ ಬರೆದರೂ ಕಂಪನಿ ಏನೂ ಮಾಡದಿದ್ದರೆ ಮುಂದೆ ಎಲ್ಲಿ ಹೋಗಬೇಕು?

ಮೊದಲು ಅದೇ ಕಂಪನಿಯಲ್ಲಿ ಮೇಲಿನವರಿಗೆ. ಹೊಸ ಪತ್ರ ಬರೆಯಬೇಡಿ, ಇದೇ ದಾಖಲೆಯನ್ನು ಫಾರ್ವರ್ಡ್ ಮಾಡಿ, ಯಾವ ಸಾಲು ಬಾಕಿ ಇದೆ ಅಂತ ಮಾತ್ರ ಹೇಳಿ. ಸುರಕ್ಷತೆಯ ವಿಷಯವಾದರೆ ಕರ್ನಾಟಕದಲ್ಲಿ ಲಿಫ್ಟ್‌ಗಳ ಪರವಾನಗಿ, ತಪಾಸಣೆ ನೋಡಿಕೊಳ್ಳುವುದು ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ, ಅಲ್ಲಿಗೆ ಬರೆಯಬಹುದು. ಸೇವಾ ನ್ಯೂನತೆ ಅಂತ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವು ಇದೆ. ದೂರು ಸಂಘದ ಹೆಸರಿನಲ್ಲೋ, ನಿವಾಸಿಗಳ ಹೆಸರಿನಲ್ಲೋ ಅನ್ನುವುದನ್ನು ವಕೀಲರನ್ನು ಕೇಳಿಯೇ ತೀರ್ಮಾನಿಸಿ. ಅವರ ಹತ್ತಿರ ಹೋಗುವಾಗ ಎಎಂಸಿ ಕರಾರು, ಜಾಬ್ ಶೀಟ್‌ಗಳು, ಸೆಕ್ಯುರಿಟಿ ಪುಸ್ತಕದ ಪುಟಗಳು, ಈ ಕರೆಯ ದಾಖಲೆ, ಅದರ ಮೇಲ್‌ಗಳು ಇಷ್ಟನ್ನು ತಾರೀಖಿನ ಸಾಲಿನಲ್ಲಿ ಜೋಡಿಸಿಕೊಂಡು ಹೋಗಿ.